‘ಇಂದ’ ಮತ್ತು ‘ತಾನು’: ವ್ಯಾಕರಣದ ಹಾಳೆಯೊಂದನ್ನು ತಿದ್ದುತ್ತ

ಒಂಬತ್ತನೇ ತರಗತಿಯಲ್ಲಿ ಓದುವ ಅಣ್ಣನ ಮಗಳು ಕಳೆದ ಶನಿವಾರ ಎರಡು ಹಾಳೆ ಹಿಡಿದು ನಮ್ಮ ಮನೆಗೆ ಬಂದಳು. ಒಂದು ಇಂಗ್ಲಿಷ್ ವ್ಯಾಕರಣದ ವರ್ಕ್‌ಶೀಟ್, ಇನ್ನೊಂದು ಕನ್ನಡದ್ದು. ಎರಡರಲ್ಲೂ ಕೆಲಸ ಒಂದೇ. ಮೊದಲರ್ಧದಲ್ಲಿ ಕರ್ತರಿ ಪ್ರಯೋಗದ ವಾಕ್ಯಗಳನ್ನು ಕರ್ಮಣಿಗೆ ತರಬೇಕು, ಉಳಿದರ್ಧದಲ್ಲಿ ಉದ್ಧರಣ ಚಿಹ್ನೆಯೊಳಗಿನ ನೇರ ಮಾತನ್ನು ಪರೋಕ್ಷ ಮಾತಾಗಿಸಬೇಕು. ಇಂಗ್ಲಿಷಿನ ಹಾಳೆಯಲ್ಲಿ ಅವಳಿಗೆ ಪೂರ್ತಿ ಅಂಕ ಬಂದಿತ್ತು. ಕನ್ನಡದ ಹಾಳೆಯ 12 ವಾಕ್ಯಗಳಲ್ಲಿ 7ಕ್ಕೆ ಕೆಂಪು ಗೆರೆ ಬಿದ್ದಿತ್ತು.

“ನೋಡಿ ಅತ್ತೆ, ಎರಡಕ್ಕೂ ಒಂದೇ ರೂಲ್ ಹಾಕಿದ್ದೀನಿ. ಅಲ್ಲಿ ಸರಿ, ಇಲ್ಲಿ ತಪ್ಪು ಅಂದರೆ ಹೇಗೆ?” ಎಂದಳು.

ಅವಳ ಪ್ರಶ್ನೆಯೊಳಗೇ ಉತ್ತರವಿತ್ತು. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಮಾಡಿದವಳು. ಈ ಪಾಠದಲ್ಲಿ ಮಕ್ಕಳು ತಪ್ಪುವುದು ನಿಯಮ ಬಾರದೆ ಅಲ್ಲ, ಬೇರೆ ಭಾಷೆಯ ನಿಯಮ ಚೆನ್ನಾಗಿ ಬರುವುದರಿಂದ. ಅವಳ ಏಳು ತಪ್ಪುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದಾಗ ಅದು ನನಗೆ ಮತ್ತೆ ಖಚಿತವಾಯಿತು.

ಹಾಳೆಯ ಮೊದಲ ವಾಕ್ಯ: ‘ರವಿಯು ಪತ್ರವನ್ನು ಬರೆದನು.’ ಅವಳ ಉತ್ತರ: ‘ಪತ್ರವನ್ನು ರವಿಯಿಂದ ಬರೆಯಲ್ಪಟ್ಟಿತು.’

ಇಂಗ್ಲಿಷಿನಲ್ಲಿ ‘ರವಿ ರೋಟ್ ಎ ಲೆಟರ್’ ಎಂಬುದು ‘ಎ ಲೆಟರ್ ವಾಸ್ ರಿಟನ್ ಬೈ ರವಿ’ ಆಗುವಾಗ ಕಣ್ಣಿಗೆ ಮೊದಲು ಹೊಡೆಯುವುದು ಸ್ಥಾನಪಲ್ಲಟ. ಕೊನೆಯಲ್ಲಿದ್ದ ಪತ್ರ ಮೊದಲಿಗೆ ಬಂತು, ಮೊದಲಿದ್ದ ರವಿ ಕೊನೆಗೆ ಹೋದ. ಆ ಭಾಷೆಯಲ್ಲಿ ಯಾವುದು ಕರ್ತೃ, ಯಾವುದು ಕರ್ಮ ಎಂಬುದನ್ನು ಪದ ಕುಳಿತ ಜಾಗವೇ ಹೇಳುತ್ತದೆ. ಹಾಗಾಗಿ ಜಾಗ ಬದಲಾದರೆ ಅರ್ಧ ಕೆಲಸ ಮುಗಿದಂತೆ. ಕನ್ನಡದಲ್ಲಿ ಜಾಗಕ್ಕೆ ಆ ಅಧಿಕಾರವಿಲ್ಲ. ‘ರವಿ ಪತ್ರವನ್ನು ಬರೆದ’ ಎಂದರೂ ‘ಪತ್ರವನ್ನು ರವಿ ಬರೆದ’ ಎಂದರೂ ಬರೆದವನು ರವಿಯೇ, ಎರಡೂ ಕರ್ತರಿ ಪ್ರಯೋಗವೇ. ಇಲ್ಲಿ ಯಜಮಾನಿಕೆ ವಿಭಕ್ತಿ ಪ್ರತ್ಯಯದ್ದು. ಪತ್ರವನ್ನು ಎಷ್ಟೇ ಮುಂದಕ್ಕೆ ತಂದು ಕೂರಿಸಿದರೂ ಅದಕ್ಕೆ ಅಂಟಿದ ‘ಅನ್ನು’ ಕಳಚದಿದ್ದರೆ ಅದು ಕರ್ಮವಾಗಿಯೇ ಉಳಿಯುತ್ತದೆ.

ನಿಯಮವನ್ನು ಹಾಗಾಗಿ ಪ್ರತ್ಯಯದ ಕಡೆಯಿಂದಲೇ ಹೇಳಬೇಕು. ಕೆಲಸ ಮಾಡಿದವನಿಗೆ ತೃತೀಯಾ ವಿಭಕ್ತಿಯ ‘ಇಂದ’ ಹತ್ತುತ್ತದೆ: ರವಿಯಿಂದ. ಕರ್ಮವು ದ್ವಿತೀಯೆಯ ‘ಅನ್ನು’ ಬಿಟ್ಟು ಪ್ರಥಮೆಗೆ ಬರುತ್ತದೆ: ಪತ್ರವು. ಕ್ರಿಯಾಪದಕ್ಕೆ ‘ಅಲ್ಪಡು’ ಸೇರುತ್ತದೆ, ಕಾಲವನ್ನು ಆ ‘ಪಡು’ ಹೊರುತ್ತದೆ: ಬರೆಯಲ್ಪಡುತ್ತದೆ, ಬರೆಯಲ್ಪಟ್ಟಿತು, ಬರೆಯಲ್ಪಡುವುದು. ಎಲ್ಲ ಕೂಡಿದರೆ ‘ರವಿಯಿಂದ ಪತ್ರವು ಬರೆಯಲ್ಪಟ್ಟಿತು.’ ಪತ್ರವನ್ನು ಮೊದಲು ಬರೆಯಿರಿ, ಆಮೇಲೆ ಬರೆಯಿರಿ, ಅಂಕ ಹೋಗುವುದಿಲ್ಲ.

ಇನ್ನೊಂದು ಸಂಗತಿ ಇದೆ. ಅದನ್ನು ಹೇಳದೆ ಬಿಟ್ಟರೆ ಮೇಲಿನ ಮೂರು ಹೆಜ್ಜೆಗಳು ಬಾಯಿಪಾಠವಾಗಿ ಉಳಿಯುತ್ತವೆ. ಕನ್ನಡದ ಕ್ರಿಯಾಪದದ ಕೊನೆ ಯಾರನ್ನಾದರೂ ಹಿಂಬಾಲಿಸಲೇಬೇಕು. ಕರ್ತರಿಯಲ್ಲಿ ಅದು ಮಾಡಿದವನನ್ನು ಹಿಂಬಾಲಿಸುತ್ತದೆ, ಕರ್ಮಣಿಯಲ್ಲಿ ಮಾಡಿಸಿಕೊಂಡದ್ದನ್ನು. ಪತ್ರದ ವಾಕ್ಯದಲ್ಲಿ ಇದು ಅಷ್ಟಾಗಿ ಕಾಣದು. ಹಾಳೆಯ ಮೂರನೆಯ ವಾಕ್ಯದಲ್ಲಿ ಚೆನ್ನಾಗಿ ಕಾಣುತ್ತದೆ: ‘ಗುರುಗಳು ನನ್ನನ್ನು ಕರೆದರು.’ ನಮ್ಮ ಹುಡುಗಿ ‘ನಾನು ಗುರುಗಳಿಂದ ಕರೆಯಲ್ಪಟ್ಟರು’ ಎಂದು ಬರೆದಿದ್ದಳು. ವಿಭಕ್ತಿ ಎರಡೂ ಸರಿ, ‘ಅಲ್ಪಡು’ ಸರಿ, ಕ್ರಿಯಾಪದ ಮಾತ್ರ ಹಳೆಯ ಯಜಮಾನನ ಹಿಂದೆಯೇ ಹೊರಟಿತ್ತು.

“ಈಗ ಈ ವಾಕ್ಯದಲ್ಲಿ ಪ್ರಥಮಾ ವಿಭಕ್ತಿಯಲ್ಲಿ ಇರೋರು ಯಾರು?” ಎಂದೆ.

“ನಾನು.”

“ಹಾಗಾದರೆ ಕ್ರಿಯಾಪದ ಯಾರ ಮಾತು ಕೇಳಬೇಕು?”

ಒಂದು ಕ್ಷಣ ತಡೆದು, ‘ಕರೆಯಲ್ಪಟ್ಟೆನು’ ಎಂದು ತಾನೇ ತಿದ್ದಿಕೊಂಡಳು. ಉತ್ತರ ಬರೆದ ಮೇಲೆ ಪ್ರಥಮೆಯಲ್ಲಿರುವ ಪದವನ್ನೂ ಕ್ರಿಯಾಪದವನ್ನೂ ಮಾತ್ರ ಜೋಡಿಸಿ ಓದುವುದು ಒಳ್ಳೆಯ ಪರೀಕ್ಷೆ. ‘ನಾನು ಕರೆಯಲ್ಪಟ್ಟೆನು’ ಹೊಂದುತ್ತದೆ, ‘ನಾನು ಕರೆಯಲ್ಪಟ್ಟರು’ ಕಿವಿಗೇ ಒಗ್ಗುವುದಿಲ್ಲ. ‘ಕಥೆಗಳು ಹೇಳಲ್ಪಟ್ಟಿತು’ ಎಂದು ಬರೆದವರಿಗೂ ಇದೇ ಪರೀಕ್ಷೆ ಸಾಕು. ಬಹುವಚನದ ಕಥೆಗಳು ‘ಹೇಳಲ್ಪಟ್ಟವು’ ಆಗಬೇಕೆಂದು ಆಗ ತಿಳಿಯುತ್ತದೆ.

ನಾಲ್ಕನೆಯ ವಾಕ್ಯದ ತಪ್ಪಿಗೆ ಇಂಗ್ಲಿಷ್ ಕಾರಣವಲ್ಲ. ‘ರೈತರು ಹೊಲವನ್ನು ಉತ್ತರು’ ಎಂಬುದಕ್ಕೆ ಅವಳು ‘ಉತ್ತಲ್ಪಟ್ಟಿತು’ ಎಂದಿದ್ದಳು. ಭೂತಕಾಲದ ರೂಪಕ್ಕೆ ನೇರವಾಗಿ ‘ಅಲ್ಪಡು’ ಹಚ್ಚಿದರೆ ಹೀಗಾಗುತ್ತದೆ. ‘ಕೊಂದಲ್ಪಟ್ಟನು’, ‘ತಂದಲ್ಪಟ್ಟಿತು’ ಎಂಬ ಉತ್ತರಗಳನ್ನೂ ನಾನು ಬೇಕಾದಷ್ಟು ತಿದ್ದಿದ್ದೇನೆ. ‘ಅಲ್ಪಡು’ ಸೇರಬೇಕಾದದ್ದು ಧಾತುವಿಗೆ. ಧಾತು ಹುಡುಕು ಎಂದರೆ ಮಕ್ಕಳು ತಡವರಿಸುತ್ತಾರೆ, ಆದರೆ ‘ಮಾಡಲು ಹೋದರು’ ಎಂಬ ಧಾಟಿಯಲ್ಲಿ ಹೇಳು ಎಂದರೆ ತಡವರಿಸುವುದಿಲ್ಲ. ಹೊಲ ಉಳಲು ಹೋದರು, ಹುಲಿಯನ್ನು ಕೊಲ್ಲಲು ಹೋದರು, ನೀರು ತರಲು ಹೋದರು, ಹಣ್ಣು ಕೀಳಲು ಹೋದರು. ಆ ‘ಉಳಲು’ ಪದದ ಕೊನೆಯ ಉಕಾರ ಬಿಟ್ಟು ‘ಪಡು’ ಸೇರಿಸಿದರೆ ಉಳಲ್ಪಟ್ಟಿತು. ಹಾಗೆಯೇ ಕೊಲ್ಲಲ್ಪಟ್ಟಿತು, ತರಲ್ಪಟ್ಟಿತು, ಕೀಳಲ್ಪಟ್ಟಿತು. ಮನೆಮಾತಿನಲ್ಲಿ ಆಗಲೇ ಇರುವ ರೂಪದಿಂದ ಪುಸ್ತಕದ ರೂಪಕ್ಕೆ ಹೋಗುವ ಈ ದಾರಿ ತಪ್ಪಿದ್ದನ್ನು ನಾನು ಕಂಡಿಲ್ಲ.

ಐದನೆಯ ವಾಕ್ಯದಲ್ಲಿ ಮತ್ತೆ ಇಂಗ್ಲಿಷಿನ ನೆರಳು. ‘ಅಜ್ಜಿಯು ಮೊಮ್ಮಗಳಿಗೆ ಕಥೆಯನ್ನು ಹೇಳಿದಳು.’ ಅವಳ ಉತ್ತರ: ‘ಮೊಮ್ಮಗಳು ಅಜ್ಜಿಯಿಂದ ಕಥೆಯನ್ನು ಹೇಳಲ್ಪಟ್ಟಳು.’ ಇಂಗ್ಲಿಷಿನಲ್ಲಿ ಇಂಥ ವಾಕ್ಯಕ್ಕೆ ಎರಡು ಕರ್ಮಗಳು. ಕಥೆಯನ್ನಾದರೂ ಮುಂದೆ ತರಬಹುದು, ಕೇಳಿದವಳನ್ನಾದರೂ ತರಬಹುದು, ಎರಡೂ ಸರಿ. ಆ ಹಾಳೆಯಲ್ಲಿ ಅವಳು ಹಾಗೆ ಬರೆದು ಅಂಕ ಪಡೆದಿದ್ದಳು ಕೂಡ. ಕನ್ನಡದಲ್ಲಿ ‘ಗೆ’ ಹತ್ತಿದ ಪದ ಪ್ರಥಮೆಗೆ ಏರುವುದಿಲ್ಲ. ‘ಏನನ್ನು?’ ಅಥವಾ ‘ಯಾರನ್ನು?’ ಎಂಬ ಪ್ರಶ್ನೆಗೆ ಉತ್ತರವಾಗುವ ಪದಕ್ಕೆ ಮಾತ್ರ ಆ ಹಕ್ಕು. ಏನನ್ನು ಹೇಳಿದಳು? ಕಥೆಯನ್ನು. ಹಾಗಾಗಿ ‘ಅಜ್ಜಿಯಿಂದ ಮೊಮ್ಮಗಳಿಗೆ ಕಥೆಯು ಹೇಳಲ್ಪಟ್ಟಿತು.’ ಮೊಮ್ಮಗಳು ಇದ್ದಲ್ಲೇ ಇರುತ್ತಾಳೆ.

ಆ ಪ್ರಶ್ನೆಗೆ ಉತ್ತರವೇ ಸಿಗದಿದ್ದರೆ ವಾಕ್ಯ ಅಕರ್ಮಕ. ‘ಮಗು ಮಲಗಿತು’ ಎಂಬುದಕ್ಕೆ ಕರ್ಮಣಿ ರೂಪವಿಲ್ಲ, ಹಾಗೆಂದು ಬರೆಯುವುದೇ ಉತ್ತರ. ಸಂಸ್ಕೃತದಲ್ಲಿ ಇಂಥವಕ್ಕೆ ಭಾವೇ ಪ್ರಯೋಗವೆಂಬ ಬೇರೊಂದು ದಾರಿಯಿದೆ, ಕನ್ನಡ ಮಾತು ಅದನ್ನು ತನ್ನದಾಗಿಸಿಕೊಳ್ಳಲಿಲ್ಲ.

ಆರನೆಯದನ್ನು ಬರೆದು ಮುಗಿಸಿ ಅವಳು ಪೆನ್ನು ಕೆಳಗಿಟ್ಟಳು. ‘ಸುನಂದೆಯು ಮರದಿಂದ ಮಾವಿನಹಣ್ಣನ್ನು ಕಿತ್ತಳು.’ ನಿಯಮದ ಪ್ರಕಾರ ‘ಸುನಂದೆಯಿಂದ ಮರದಿಂದ ಮಾವಿನಹಣ್ಣು ಕೀಳಲ್ಪಟ್ಟಿತು.’ ಎಲ್ಲ ಸರಿಯಿದೆ, ಆದರೆ ಎರಡು ‘ಇಂದ’ ಎದುರುಬದುರಾಗಿ ನಿಂತಿವೆ.

“ಹೀಗೆ ಯಾರಾದರೂ ಮಾತಾಡ್ತಾರಾ ಅತ್ತೆ?”

ಇಲ್ಲ. ಈ ಮಾತನ್ನು ಮಕ್ಕಳಿಂದ ಮುಚ್ಚಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕನ್ನಡದ ‘ಇಂದ’ ಆಗಲೇ ತುಂಬ ಕೆಲಸ ಹೊತ್ತಿದೆ: ಕತ್ತಿಯಿಂದ ಕೊಯ್ದ, ಊರಿಂದ ಬಂದ, ಮಳೆಯಿಂದ ಹಾಳಾಯಿತು. ಉಪಕರಣ, ಹೊರಟ ಜಾಗ, ಕಾರಣ ಇಷ್ಟರ ಮೇಲೆ ಕರ್ತೃವನ್ನೂ ಅದರ ತಲೆಗೇ ಕಟ್ಟಿದರೆ ವಾಕ್ಯ ಏದುಸಿರು ಬಿಡುತ್ತದೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡ ವ್ಯಾಕರಣವನ್ನು ಎರಕ ಹೊಯ್ದದ್ದರ ತೊಡಕುಗಳನ್ನು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಪುಸ್ತಕದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಕರ್ಮಣಿಯ ಪಾಠ ಮಾಡುವಾಗ ಆ ಚರ್ಚೆ ನನಗೆ ನೆನಪಾಗುತ್ತಲೇ ಇತ್ತು. ಹಾಗೆಂದು ‘ಅಲ್ಪಡು’ ಸುಳ್ಳು ರೂಪವೇನಲ್ಲ. ‘ಶಬ್ದಮಣಿದರ್ಪಣವು 13ನೇ ಶತಮಾನದಲ್ಲಿ ಕೇಶಿರಾಜನಿಂದ ರಚಿಸಲ್ಪಟ್ಟಿತು’ ಎಂಬ ವಾಕ್ಯ ಪುಸ್ತಕದಲ್ಲಿ ಸಲೀಸಾಗಿ ಓದಿಸಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಮಾತು ಗ್ರಂಥದ ಬಗ್ಗೆಯೇ ಇದೆ. ಮಾವಿನಹಣ್ಣಿನ ವಾಕ್ಯಕ್ಕೆ ಆ ಅಗತ್ಯವಿಲ್ಲ.

ಮಾಡಿದವನನ್ನು ಹಿಂದೆ ಸರಿಸಬೇಕಾದಾಗ ಕನ್ನಡ ನಿಜವಾಗಿ ಬಳಸುವ ದಾರಿ ಬೇರೆ. ಬಸ್ ನಿಲ್ದಾಣದ ಫಲಕದಲ್ಲಿ, ಕಚೇರಿಯ ಸುತ್ತೋಲೆಯಲ್ಲಿ, ಪತ್ರಿಕೆಯ ಸುದ್ದಿಯಲ್ಲಿ ದಿನಾ ಕಾಣುವುದು ‘ಅಲಾಗು’: ‘ಸಭೆಯನ್ನು ಮುಂದೂಡಲಾಗಿದೆ’, ‘ಕಳ್ಳನನ್ನು ಬಂಧಿಸಲಾಯಿತು’. ಹಾಳೆ ತಿದ್ದುವಾಗ ಇದೇ ದೊಡ್ಡ ಗೊಂದಲ. ‘ಪೊಲೀಸರು ಕಳ್ಳನನ್ನು ಬಂಧಿಸಿದರು’ ಎಂಬುದಕ್ಕೆ ಕರ್ಮಣಿ ಕೇಳಿದರೆ ಮಕ್ಕಳು ಎರಡನ್ನೂ ಕಲಸಿ ‘ಕಳ್ಳನನ್ನು ಬಂಧಿಸಲ್ಪಟ್ಟನು’ ಎನ್ನುತ್ತಾರೆ. ‘ಅಲಾಗು’ ಬಂದಾಗ ಕಳ್ಳನ ‘ಅನ್ನು’ ಹಾಗೇ ಉಳಿಯುತ್ತದೆ, ಕ್ರಿಯಾಪದ ಯಾರನ್ನೂ ಹಿಂಬಾಲಿಸದೆ ನಪುಂಸಕಲಿಂಗದಲ್ಲಿ ನಿಲ್ಲುತ್ತದೆ, ಮಾಡಿದವನ ಹೆಸರು ಸಾಮಾನ್ಯವಾಗಿ ಬರುವುದೇ ಇಲ್ಲ. ‘ಅಲ್ಪಡು’ ಬಂದಾಗ ‘ಅನ್ನು’ ಹೋಗುತ್ತದೆ, ಕ್ರಿಯಾಪದ ಕಳ್ಳನನ್ನು ಹಿಂಬಾಲಿಸುತ್ತದೆ: ‘ಕಳ್ಳನು ಪೊಲೀಸರಿಂದ ಬಂಧಿಸಲ್ಪಟ್ಟನು.’ ಕರ್ಮಣಿ ಪ್ರಯೋಗ ಎಂದು ಹಾಳೆ ಕೇಳುವುದು ಎರಡನೆಯದನ್ನು. ಬಾಳಿಗೆ ಹೆಚ್ಚು ಬೇಕಾಗುವುದು ಮೊದಲನೆಯದು. ಎರಡನ್ನೂ ಒಂದೇ ದಿನ ಪಕ್ಕಪಕ್ಕದಲ್ಲಿ ಬರೆದು ತೋರಿಸಿದರೆ ಮಕ್ಕಳು ಕಲಸುವುದು ನಿಲ್ಲುತ್ತದೆ.

ಕಾಫಿ ಕುಡಿದು ಎರಡನೆಯ ಭಾಗಕ್ಕೆ ಬಂದೆವು.

ರವಿಯು, “ನಾನು ನಾಳೆ ಮೈಸೂರಿಗೆ ಹೋಗುತ್ತೇನೆ” ಎಂದನು. ಅವಳ ಉತ್ತರ: ‘ಅವನು ಮರುದಿನ ಮೈಸೂರಿಗೆ ಹೋಗುತ್ತಿದ್ದನು ಎಂದು ರವಿ ಹೇಳಿದನು.’

ಈ ಒಂದು ವಾಕ್ಯದಲ್ಲಿ ಎರಡು ತಪ್ಪಿವೆ, ಎರಡೂ ಇಂಗ್ಲಿಷ್ ಹಾಳೆಯಿಂದ ಬಂದವು. ಅಲ್ಲಿ ‘ಸೆಡ್’ ಎಂಬ ಭೂತಕಾಲ ಹೊರಗಿದ್ದರೆ ಒಳಗಿನ ಕ್ರಿಯಾಪದವೂ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು, ‘ವಿಲ್’ ಇದ್ದದ್ದು ‘ವುಡ್’ ಆಗಬೇಕು. ಕನ್ನಡಕ್ಕೆ ಆ ಕಟ್ಟಳೆ ಇಲ್ಲ. ರವಿ ಮಾತಾಡಿದ ಹೊತ್ತಿಗೆ ಹೋಗುವುದು ಮುಂದಿನ ಸಂಗತಿಯಾಗಿತ್ತು, ವರದಿಯಲ್ಲೂ ಅದು ಮುಂದಿನದಾಗಿಯೇ ಉಳಿಯುತ್ತದೆ. ‘ಹೋಗುತ್ತಿದ್ದನು’ ಎಂದ ಕೂಡಲೇ ಅರ್ಥವೇ ಬೇರೆ. ರವಿ ಹಿಂದೆಲ್ಲ ಮೈಸೂರಿಗೆ ಹೋಗಿಬರುತ್ತಿದ್ದನೇನೋ ಅನ್ನಿಸುತ್ತದೆ.

ಇನ್ನೊಂದು ತಪ್ಪು ‘ಅವನು’. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕನ್ನಡದ ಒಂದು ಸೊಗಸು ಇಲ್ಲಿದೆ. ‘ಅವನು ಮೈಸೂರಿಗೆ ಹೋಗುತ್ತಾನೆ ಎಂದು ರವಿ ಹೇಳಿದ’ ಎಂದರೆ ಹೋಗುವವನು ಯಾರು? ಕನ್ನಡದ ಕಿವಿಗೆ ಅದು ರವಿಯಲ್ಲ, ಬೇರೆ ಯಾರೋ. ‘ತಾನು ಮೈಸೂರಿಗೆ ಹೋಗುವುದಾಗಿ ರವಿ ಹೇಳಿದ’ ಎಂದರೆ ಸಂಶಯವೇ ಇಲ್ಲ, ರವಿಯೇ. ಇಂಗ್ಲಿಷಿನ ‘ಹಿ’ ಎರಡಕ್ಕೂ ಒಂದೇ, ಯಾರೆಂದು ಸಂದರ್ಭ ನೋಡಿ ಊಹಿಸಬೇಕು. ಕನ್ನಡದ ‘ತಾನು’ ಮಾತಾಡಿದವನ ಕಡೆಗೇ ಬೆರಳು ಮಾಡುತ್ತದೆ. ಗಂಡಾಗಲಿ ಹೆಣ್ಣಾಗಲಿ ‘ತಾನು’ ಒಂದೇ, ಹಲವರಿದ್ದರೆ ‘ತಾವು’. ‘ನಾನು’ ಇದ್ದಲ್ಲಿ ‘ತಾನು’, ‘ನನ್ನ’ ಇದ್ದಲ್ಲಿ ‘ತನ್ನ’ ಎಂಬುದು ಈ ಭಾಗದ ಮೊದಲ ನಿಯಮ.

ಹಾಗಾದರೆ ‘ನಾನು ನಾಳೆ ಬರುತ್ತೇನೆ ಎಂದು ರವಿ ಹೇಳಿದ’ ಎನ್ನುತ್ತೇವಲ್ಲ, ಅದು ತಪ್ಪೇ? ಮಾತಿನಲ್ಲಿ ಖಂಡಿತ ತಪ್ಪಲ್ಲ. ‘ಎಂದು’ ಎಂಬ ಪದ ಎದುರಿನವನ ಮಾತನ್ನು ಇದ್ದಂತೆಯೇ ಎತ್ತಿ ತಂದು ನಮ್ಮ ವಾಕ್ಯದೊಳಗೆ ಇಡಬಲ್ಲದು. ‘ನಾನು’ ಇದ್ದರೂ ಅದು ರವಿಯ ‘ನಾನು’ ಎಂದು ಕೇಳುವವರಿಗೆ ಗೊತ್ತು. ಮಾತಿನಲ್ಲಿ ಈ ಅನುಕೂಲ ಇರುವುದರಿಂದಲೇ ಹಾಳೆಯಲ್ಲಿ ಮಕ್ಕಳಿಗೆ ತೊಡಕು. ಉದ್ಧರಣ ಚಿಹ್ನೆ ಅಳಿಸಿ, ‘ಎಂದನು’ ಬದಲು ‘ಎಂದು ಹೇಳಿದನು’ ಬರೆದರೆ ಕೆಲಸ ಮುಗಿಯಿತೆಂದು ಅವರಿಗೆ ಅನ್ನಿಸುತ್ತದೆ. ಆದರೆ ಮಾತು ಇನ್ನೂ ರವಿಯ ಬಾಯಲ್ಲೇ ಇದೆ. ಪರೋಕ್ಷವಾಗಬೇಕಾದರೆ ವರದಿ ಮಾಡುವವನು ತಾನು ನಿಂತ ಜಾಗದಿಂದ, ತಾನು ಇರುವ ದಿನದಿಂದ ಹೇಳಬೇಕು.

ಅದಕ್ಕೆ ನೆರವಾಗುವುದು ‘ಉದಾಗಿ’. ‘ಹೋಗುತ್ತೇನೆ’ ಎಂಬ ಪೂರ್ಣ ಕ್ರಿಯಾಪದದಲ್ಲಿ ‘ಏನೆ’ ಎಂಬ ತುದಿ ‘ನಾನು’ ಎಂಬುದನ್ನು ಹಿಡಿದುಕೊಂಡಿದೆ. ‘ಹೋಗುವುದಾಗಿ’ ಎಂದಾಗ ಆ ತುದಿ ಕಳಚುತ್ತದೆ, ಯಾರ ಬಾಯಿಯ ಗುರುತೂ ಉಳಿಯುವುದಿಲ್ಲ. ನಡೆದುಹೋದ ಸಂಗತಿಯಾದರೆ ‘ಹೋಗಿದ್ದಾಗಿ’ ಅಥವಾ ‘ಹೋಗಿರುವುದಾಗಿ’. ‘ಇಲ್ಲ’ ಬಂದರೆ ಮಾತ್ರ ಈ ರೂಪ ಸುಲಭವಾಗಿ ಕೈಗೆ ಸಿಗುವುದಿಲ್ಲ, ಆಗ ‘ಎಂದು’ವಿಗೇ ಮರಳಬೇಕು: ‘ತಾನು ಹೋಗುವುದಿಲ್ಲವೆಂದು ರವಿ ಹೇಳಿದನು.’ ಅಲ್ಲೂ ‘ನಾನು’ ಹೋಗಿ ‘ತಾನು’ ಬಂದಿರಬೇಕು.

ಉಳಿದದ್ದು ‘ನಾಳೆ’. ಅವಳು ‘ಮರುದಿನ’ ಎಂದದ್ದು ಸರಿ. ಪುಸ್ತಕದ ಪಟ್ಟಿಯಲ್ಲಿ ಇಂದು ಎಂಬುದಕ್ಕೆ ಅಂದು, ನಿನ್ನೆಗೆ ಹಿಂದಿನ ದಿನ, ಈಗ ಎಂಬುದಕ್ಕೆ ಆಗ, ಇಲ್ಲಿಗೆ ಅಲ್ಲಿ ಎಂದೆಲ್ಲ ಇದೆ. ಆದರೆ ಪಟ್ಟಿಯ ಹಿಂದಿರುವ ಕಾರಣ ಗೊತ್ತಿರಬೇಕು. ರವಿ ಬೆಳಿಗ್ಗೆ ಹೇಳಿದ್ದನ್ನು ಅದೇ ಸಂಜೆ ನಾನು ಅವನ ಅಮ್ಮನಿಗೆ ತಿಳಿಸುವುದಾದರೆ ‘ತಾನು ನಾಳೆ ಮೈಸೂರಿಗೆ ಹೋಗುವುದಾಗಿ ರವಿ ಹೇಳಿದ’ ಎಂಬುದೇ ಸರಿ, ನಾಳೆ ಇನ್ನೂ ಬಂದಿಲ್ಲ. ವಾರದ ಮೇಲೆ ಹೇಳಿದರೆ ‘ಮರುದಿನ’. ಹಾಳೆಯ ವಾಕ್ಯಕ್ಕೆ ಹಿಂದುಮುಂದಿಲ್ಲ, ಹೇಳಿದ ದಿನ ಯಾವುದೆಂದು ಗೊತ್ತಿಲ್ಲ, ಹಾಗಾಗಿ ದಿನ ಕಳೆದಿದೆಯೆಂದು ಹಿಡಿದು ಬದಲಿಸುತ್ತೇವೆ. ಪೂರ್ತಿ ಉತ್ತರ: ‘ತಾನು ಮರುದಿನ ಮೈಸೂರಿಗೆ ಹೋಗುವುದಾಗಿ ರವಿಯು ಹೇಳಿದನು.’

ಮುಂದಿನ ವಾಕ್ಯದಲ್ಲಿ ಕೇಳುಗನೇ ವರದಿಗಾರ. ಅಮ್ಮ ನನ್ನನ್ನು, “ನೀನು ಊಟ ಮಾಡಿದೆಯಾ?” ಎಂದು ಕೇಳಿದಳು. ಅವಳು ‘ತಾನು ಊಟ ಮಾಡಿದೆಯಾ ಎಂದು’ ಎಂದು ಬರೆದಿದ್ದಳು. ಈಗಷ್ಟೇ ಹೇಳಿದ ‘ತಾನು’ ಇಲ್ಲಿ ಕೆಲಸಕ್ಕೆ ಬಾರದು. ಅಮ್ಮ ಕೇಳಿದ್ದು ಅಮ್ಮನ ಊಟದ ಬಗ್ಗೆ ಅಲ್ಲ. ‘ನೀನು’ ಎಂದರೆ ಕೇಳಿಸಿಕೊಂಡವನು, ಆ ಕೇಳಿಸಿಕೊಂಡವನೇ ಈಗ ಹೇಳುತ್ತಿರುವುದರಿಂದ ಅದು ‘ನಾನು’ ಆಗುತ್ತದೆ, ಕ್ರಿಯಾಪದವೂ ಅದಕ್ಕೆ ಹೊಂದಿಕೊಳ್ಳುತ್ತದೆ: ‘ನಾನು ಊಟ ಮಾಡಿದೆನೇ ಎಂದು ಅಮ್ಮ ನನ್ನನ್ನು ಕೇಳಿದಳು.’ ಪ್ರಶ್ನೆಗೆ ‘ಉದಾಗಿ’ ಹೊಂದುವುದಿಲ್ಲ, ‘ಎಂದು’ ಬೇಕೇ ಬೇಕು. ಕೊನೆಯ ಪ್ರಶ್ನಾರ್ಥಕ ಚಿಹ್ನೆ ಹೋಗಿ ಪೂರ್ಣವಿರಾಮ ಬರುತ್ತದೆ, ಏಕೆಂದರೆ ಈಗ ಯಾರೂ ಪ್ರಶ್ನೆ ಕೇಳುತ್ತಿಲ್ಲ, ಕೇಳಿದ್ದನ್ನು ತಿಳಿಸುತ್ತಿದ್ದಾರೆ ಅಷ್ಟೆ.

ಅಪ್ಪಣೆಯ ವಾಕ್ಯಗಳು ಇವೆಲ್ಲಕ್ಕಿಂತ ಸುಲಭ, ಅವನ್ನು ಅವಳು ಸರಿಯಾಗಿಯೇ ಬರೆದಿದ್ದಳು. “ಬಾಗಿಲು ತೆರೆ” ಎಂಬುದು ‘ಬಾಗಿಲು ತೆರೆಯುವಂತೆ ಹೇಳಿದರು’ ಆಗುತ್ತದೆ, “ಗದ್ದಲ ಮಾಡಬೇಡಿ” ಎಂಬುದು ‘ಗದ್ದಲ ಮಾಡದಂತೆ ಹೇಳಿದರು’ ಆಗುತ್ತದೆ. ಒಳಗೆ ‘ದಯವಿಟ್ಟು’ ಇದ್ದರೆ ಅದನ್ನು ಕೈಬಿಟ್ಟು ಹೊರಗಿನ ‘ಹೇಳಿದರು’ ಎಂಬುದನ್ನು ‘ಕೇಳಿಕೊಂಡರು’ ಮಾಡಿದರೆ ವಿನಯ ಅಲ್ಲಿಗೆ ಬಂದು ಕೂರುತ್ತದೆ.

ಹಾಳೆಯ ಕೊನೆಯ ವಾಕ್ಯದಲ್ಲಿ ಎರಡೂ ಪಾಠ ಒಟ್ಟಿಗೆ ಇದ್ದವು. ಅಂಗಡಿಯವನು, “ಪೊಲೀಸರು ನನ್ನ ಮಗನನ್ನು ಕರೆದರು” ಎಂದನು. ಒಳಗಿನ ವಾಕ್ಯವನ್ನು ಕರ್ಮಣಿಗೆ ತಂದು, ಆಮೇಲೆ ಪರೋಕ್ಷವಾಗಿಸಿ ಎಂಬ ಸೂಚನೆ. ಅದನ್ನು ಅವಳು ಬರೆಯದೆ ಬಿಟ್ಟಿದ್ದಳು.

“ಮೊದಲು ಉದ್ಧರಣ ಚಿಹ್ನೆ ಮರೆತುಬಿಡು. ಒಳಗಿನದನ್ನು ಮಾತ್ರ ಬರಿ” ಎಂದೆ.

‘ಪೊಲೀಸರಿಂದ ನನ್ನ ಮಗನು ಕರೆಯಲ್ಪಟ್ಟನು’ ಎಂದು ಬರೆದಳು. ಮಗನು, ಕರೆಯಲ್ಪಟ್ಟನು ಎಂದು ಎರಡನ್ನೂ ಜೋಡಿಸಿ ಮೆಲ್ಲಗೆ ಓದಿಕೊಂಡಳು. ಆಮೇಲೆ ‘ನನ್ನ’ ಹೊಡೆದು ‘ತನ್ನ’ ಮಾಡಿದಳು. ಕ್ರಿಯಾಪದದ ಬಳಿ ತುಸು ತಡವಾಯಿತು. ನಡೆದುಹೋದದ್ದು ಎಂದು ತನಗೆ ತಾನೇ ಹೇಳಿಕೊಂಡು ಪೂರ್ತಿ ಬರೆದಳು: ‘ಪೊಲೀಸರಿಂದ ತನ್ನ ಮಗನು ಕರೆಯಲ್ಪಟ್ಟಿದ್ದಾಗಿ ಅಂಗಡಿಯವನು ಹೇಳಿದನು.’

ಅದರ ಕೆಳಗೆ, ನಾನು ಕೇಳದೆಯೇ, ಇನ್ನೊಂದು ಸಾಲು ಬರೆದಳು: ‘ಪೊಲೀಸರು ತನ್ನ ಮಗನನ್ನು ಕರೆದಿದ್ದಾಗಿ ಅಂಗಡಿಯವನು ಹೇಳಿದ.’

“ಮೊದಲನೇದು ಮಾರ್ಕ್ಸಿಗೆ. ನಾನಾದರೆ ಎರಡನೇದು ಹೇಳ್ತೀನಿ ಅತ್ತೆ” ಎಂದು ಹಾಳೆ ಮಡಿಸಿಟ್ಟಳು.